ಸೀನಿಯರ್ ರೋಲ್‌ಗೆ ಹೋಗ್ತಿರೋ 5 ವರ್ಷದ ಡೆವಲಪರ್ 2 ನಿಮಿಷದಲ್ಲಿ ತನ್ನ ಪರಿಚಯ ಹೇಳ್ಕೊಳ್ಳೋದು ಹೇಗೆ

"ನಿಮ್ ಬಗ್ಗೆ ಸ್ವಲ್ಪ ಹೇಳಿ" ಅಂತ ಇಂಟರ್‌ವ್ಯೂನಲ್ಲಿ ಕೇಳಿದ ತಕ್ಷಣ ಹೆಚ್ಚಿನೋರು ಡಿಗ್ರಿ ಮುಗಿಸಿದ ವರ್ಷಕ್ಕೆ ಓಡಿ ಹೋಗ್ತಾರೆ. ಅಲ್ಲಿಂದ ಒಂದೊಂದೇ ಕಂಪನಿ, ಒಂದೊಂದೇ ಪ್ರಾಜೆಕ್ಟ್ ದಾಟ್ಕೊಂಡು ಈಗಿನ ಕೆಲಸಕ್ಕೆ ಬರೋ ಹೊತ್ತಿಗೆ ಒಂದೂವರೆ ನಿಮಿಷ ಕಳೆದಿರತ್ತೆ, ಮುಖ್ಯವಾದ ವಿಷಯ ಹೇಳೋಕೆ ಅರ್ಧ ನಿಮಿಷ ಉಳಿದಿರತ್ತೆ. ನಾನೂ ಮೊದಲ ಸಲ ಸೀನಿಯರ್ ರೋಲ್‌ಗೆ ಹೋದಾಗ ಇದನ್ನೇ ಮಾಡಿದ್ದೆ, ಐದು ನಿಮಿಷ ಮಾತಾಡಿ ಇನ್ನೂ ಎರಡನೇ ಕಂಪನಿಯಲ್ಲೇ ಇದ್ದೆ, ಎದುರಿಗಿದ್ದೋರು ನನ್ನ ರೆಸ್ಯೂಮೆಯ ಎರಡನೇ ಪುಟ ಓದ್ತಾ ಕೂತಿದ್ರು. ಆಮೇಲೆ ನಾನೇ ಪ್ಯಾನೆಲ್‌ನಲ್ಲಿ ಕೂತಾಗ ಅರ್ಥ ಆಯ್ತು, ಅವರು ಬೋರ್ ಆಗಿ ಓದ್ತಿರ್ಲಿಲ್ಲ, ಕೇಳೋಕೆ ಏನಾದ್ರೂ ಸಿಗತ್ತಾ ಅಂತ ಹುಡುಕ್ತಿದ್ರು. ಯಾಕಂದ್ರೆ ನಾನು ಹೇಳಿದ್ದರಲ್ಲಿ ಕೇಳೋ ಅಂಥದ್ದು ಏನೂ ಇರ್ಲಿಲ್ಲ.

ಹಾಗಾಗಿ ಇಲ್ಲಿ ಒಂದೇ ವಿಷಯ ಹಿಡ್ಕೊಂಡು ಹೋಗ್ತೀನಿ. ಎರಡು ನಿಮಿಷದಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಸಮಯ ನೀವೇ ತಗೊಂಡ ಒಂದು ನಿರ್ಧಾರಕ್ಕೆ ಹೋಗ್ಬೇಕು. ಉಳಿದಿದ್ದೆಲ್ಲ ಅದರ ಹಿಂದೆ ಮುಂದೆ ಬರೋ ನಾಲ್ಕು ಸಾಲು ಅಷ್ಟೇ.

ಮೊದಲು ಕೆಟ್ಟ ವರ್ಷನ್ ನೋಡೋಣ

"ನಾನು ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಸಿ ಟ್ರೈನಿ ಆಗಿ ಸೇರ್ಕೊಂಡೆ, ಅಲ್ಲಿ ಎರಡು ವರ್ಷ ಜಾವಾ ಮತ್ತು ಸ್ಪ್ರಿಂಗ್ ಬೂಟ್ ಮೇಲೆ ಕೆಲಸ ಮಾಡ್ದೆ, ಆಮೇಲೆ ಈಗಿನ ಕಂಪನಿಗೆ ಬಂದೆ, ಇಲ್ಲಿ ಮೈಕ್ರೋಸರ್ವಿಸಸ್, ಕಾಫ್ಕಾ, ಡಾಕರ್, ಕುಬರ್ನೆಟಿಸ್, ರೆಡಿಸ್ ಎಲ್ಲ ಯೂಸ್ ಮಾಡ್ತೀವಿ, ಪೇಮೆಂಟ್ ಮಾಡ್ಯೂಲ್ ಡೆವಲಪ್ ಮಾಡಿದ್ವಿ, ಪರ್ಫಾರ್ಮೆನ್ಸ್ ಇಂಪ್ರೂವ್ ಮಾಡಿದ್ವಿ, ಜೂನಿಯರ್ಸ್‌ಗೆ ಮೆಂಟರ್ ಮಾಡಿದೀನಿ, ಹೊಸದು ಕಲಿಯೋಕೆ ತುಂಬ ಇಷ್ಟ, ಈಗ ಸೀನಿಯರ್ ರೋಲ್‌ಗೆ ನೋಡ್ತಿದೀನಿ."

ಇದ್ರಲ್ಲಿ ಒಂದೂ ಸುಳ್ಳಿಲ್ಲ. ತೊಂದರೆ ಏನಂದ್ರೆ ಎರಡು ವರ್ಷ ಅನುಭವ ಇರೋರು ಕೂಡ ಹೆಚ್ಚು ಕಮ್ಮಿ ಇದನ್ನೇ ಹೇಳಬಹುದು. ಪೇಮೆಂಟ್ ಮಾಡ್ಯೂಲ್ ಡೆವಲಪ್ ಮಾಡಿದ್ವಿ ಅಂದಾಗ ಯಾರು ಡಿಸೈನ್ ಮಾಡಿದ್ದು, ಬೇರೆ ದಾರಿ ಇತ್ತಾ, ಯಾಕೆ ಇದೇ ದಾರಿ, ಆಮೇಲೆ ಏನ್ ಕೆಟ್ಟೋಯ್ತು, ಒಂದೂ ಗೊತ್ತಾಗಲ್ಲ. ಮಿಡ್ ಲೆವೆಲ್‌ನೋರಿಗೆ ಯಾರೋ ಬಿಡಿಸಿಟ್ಟ ಕೆಲಸ ಕೊಡ್ತಾರೆ, ಅವರು ಚೆನ್ನಾಗಿ ಮಾಡಿ ಮುಗಿಸ್ತಾರೆ. ಸೀನಿಯರ್‌ಗೆ ಬರೋದು ಬಿಡಿಸದೇ ಇರೋ ಸಮಸ್ಯೆ, ಅದನ್ನ ಬಿಡಿಸಿ, ಒಂದು ದಾರಿ ಆರಿಸಿ, ಆ ದಾರಿಯಿಂದ ಏನ್ ಕಳ್ಕೋತೀವಿ ಅಂತ ಬೇರೆಯೋರಿಗೂ ಹೇಳಿ ಒಪ್ಪಿಸೋದು ಅವರ ಕೆಲಸ. ಪ್ಯಾನೆಲ್ ಕಿವಿ ಕೊಟ್ಟು ಕೇಳ್ತಿರೋದು ಈ ವ್ಯತ್ಯಾಸಕ್ಕೆ.

ಹೆಜ್ಜೆ 1: ಕತೆ ಆರಿಸ್ಕೊಳ್ಳಿ, ಓಪನಿಂಗ್ ಲೈನ್ ಆಮೇಲೆ ನೋಡೋಣ

ಒಂದು ಹಾಳೆ ತಗೊಂಡು ಕಳೆದ ಎರಡು ವರ್ಷದಲ್ಲಿ ನೀವು ಮಾಡಿದ ಏಳೆಂಟು ಕೆಲಸ ಬರೀರಿ. ಪ್ರತಿಯೊಂದರ ಪಕ್ಕ ಮೂರು ಪ್ರಶ್ನೆ ಹಾಕ್ಕೊಳ್ಳಿ: ಇಲ್ಲಿ ಎರಡು ದಾರಿ ಇತ್ತಾ? ಆರಿಸಿದ್ದು ನಾನಾ, ಅಥವಾ ಆರಿಸೋ ಹಾಗೆ ಬೇರೆಯೋರನ್ನ ಒಪ್ಪಿಸಿದ್ದು ನಾನಾ? ನಮ್ ಟೀಮ್ ಬಿಟ್ಟು ಹೊರಗಿನ ಯಾರಿಗಾದ್ರೂ ಇದ್ರಿಂದ ವ್ಯತ್ಯಾಸ ಆಯ್ತಾ?

ಮೂರಕ್ಕೂ ಹೌದು ಅನ್ನೋದು ಸಾಮಾನ್ಯವಾಗಿ ಒಂದೋ ಎರಡೋ ಉಳಿಯತ್ತೆ. ದೊಡ್ಡ ಪ್ರಾಜೆಕ್ಟೇ ಆಗ್ಬೇಕು ಅಂತಿಲ್ಲ. ಐವತ್ತು ಜನ ಸೇರಿ ಮಾಡಿದ ದೊಡ್ಡ ಮೈಗ್ರೇಶನ್‌ನಲ್ಲಿ ನಿಮ್ಮ ಪಾಲು ಏನು ಅಂತ ವಿವರಿಸೋದ್ರಲ್ಲೇ ಸಮಯ ಹೋಗತ್ತೆ, ಅದಕ್ಕಿಂತ ನೀವು ಮೊದಲಿಂದ ಕೊನೇವರ್ಗೂ ಇದ್ದ ಆರು ವಾರದ ಕೆಲಸ ಎಷ್ಟೋ ಮೇಲು. ಹಂಗಂತ ಐದು ವರ್ಷದ ಹಿಂದಿನ ಕತೆ ತರ್ಬೇಡಿ, ಆಮೇಲೆ ಏನೂ ಮಾಡಿಲ್ವಾ ಅನ್ಸತ್ತೆ.

ಒಂದೂ ಸಿಗ್ಲಿಲ್ಲ ಅಂದ್ರೆ? ಅದೂ ಒಂದು ಮಾಹಿತಿನೇ. ಆಗ ಸ್ಕ್ರಿಪ್ಟ್ ತಿದ್ದೋದಕ್ಕಿಂತ ಈಗಿನ ಟೀಮ್‌ನಲ್ಲೇ ಒಂದು ಡಿಸೈನ್ ಡಾಕ್ಯುಮೆಂಟ್ ನಾನು ಬರೀತೀನಿ ಅಂತ ಕೇಳಿ ತಗೊಂಡು, ಕೆಲವು ತಿಂಗಳು ಬಿಟ್ಟು ಅಪ್ಲೈ ಮಾಡೋದು ವಾಸಿ.

ಹೆಜ್ಜೆ 2: ಕತೆನ ಬಾಯಲ್ಲಿ ಹೇಳಿ, ಆಮೇಲೆ ಬರೀರಿ

ನೇರವಾಗಿ ಟೈಪ್ ಮಾಡೋಕೆ ಕೂತ್ರೆ ರೆಸ್ಯೂಮೆ ಭಾಷೆ ಬರತ್ತೆ, ಯಾರೂ ಬಾಯಲ್ಲಿ ಹಂಗೆ ಮಾತಾಡಲ್ಲ. ಫೋನಲ್ಲಿ ರೆಕಾರ್ಡಿಂಗ್ ಹಾಕಿ, ಬೇರೆ ಟೀಮ್‌ನ ಫ್ರೆಂಡ್‌ಗೆ ಹೇಳೋ ಥರ ಕತೆ ಹೇಳಿ. ನಾಲ್ಕೈದು ನಿಮಿಷ ಆಗತ್ತೆ, ಆಗ್ಲಿ. ಅದನ್ನ ಕೇಳಿ ಹಂಗೇ ಬರ್ಕೊಳ್ಳಿ, ಆಮೇಲೆ ಕಡಿಯೋಕೆ ಶುರು ಮಾಡಿ.

ಏನ್ ಕಡೀಬೇಕು ಅನ್ನೋದಕ್ಕೆ ಮೊದಲು ನಿಮ್ಮ ಅಳತೆ ಗೊತ್ತಿರ್ಬೇಕು. ನಿನ್ನೆ ಏನ್ ಕೆಲಸ ಮಾಡಿದ್ರಿ ಅಂತ ಸಲೀಸಾಗಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಪದ ಎಣಿಸಿ, ಎರಡರಿಂದ ಗುಣಿಸಿ, ಹತ್ತರಲ್ಲಿ ಒಂದು ಭಾಗ ಕಳೀರಿ. ಇಂಟರ್‌ವ್ಯೂನಲ್ಲಿ ನಡುವೆ ಉಸಿರು ತಗೋತೀರ, ವಿಡಿಯೋ ಕಾಲ್ ಆದ್ರೆ ಲ್ಯಾಗ್ ಇರತ್ತೆ, ಅದಕ್ಕೆ ಆ ಹತ್ತನೇ ಭಾಗ. ನಿಮ್ಮ ಇಂಟರ್‌ವ್ಯೂ ಇಂಗ್ಲಿಷಲ್ಲಿ ಇದ್ರೆ ಅಳತೆನೂ ಇಂಗ್ಲಿಷಲ್ಲೇ ತಗೊಳ್ಳಿ, ಕನ್ನಡದಲ್ಲಿ ಒಂದೇ ಪದ ಆಗೋದು ಅಲ್ಲಿ ಮೂರು ಪದ ಆಗತ್ತೆ, ಎರಡಕ್ಕೂ ಒಂದೇ ಲೆಕ್ಕ ಹಿಡಿಯಲ್ಲ.

ಹೆಜ್ಜೆ 3: ಒಂದು ಉದಾಹರಣೆ ಕಟ್ಟೋಣ

ಕೆಟ್ಟ ವರ್ಷನ್ ಹೇಳಿದ್ದ ಅದೇ ಡೆವಲಪರ್ ಅಂತ ಇಟ್ಕೊಳ್ಳಿ, "ಪೇಮೆಂಟ್ ಮಾಡ್ಯೂಲ್" ಅನ್ನೋ ಎರಡು ಪದದ ಹಿಂದೆ ಏನಿತ್ತು ಅಂತ ಕೆದಕಿದಾಗ ಬಂದಿದ್ದು ಇದು:

"ನಮಸ್ಕಾರ. ನಾನು ಬ್ಯಾಕೆಂಡ್ ಡೆವಲಪರ್, 5 ವರ್ಷ ಆಯ್ತು, ಕಳೆದ 3 ವರ್ಷದಿಂದ ಒಂದು ಆನ್‌ಲೈನ್ ಆರ್ಡರ್ ಸಿಸ್ಟಮ್‌ನ ಪೇಮೆಂಟ್ ಭಾಗ ನೋಡ್ಕೋತಿದೀನಿ. ದುಡ್ಡು ಬಂತಾ, ಇನ್‌ವಾಯ್ಸ್ ಹೋಯ್ತಾ, ಸ್ಟಾಕ್ ಕಮ್ಮಿ ಆಯ್ತಾ, ಈ ಮೂರೂ ತಾಳೆ ಆಗ್ಬೇಕು, ಅದು ನನ್ನ ಜವಾಬ್ದಾರಿ.

ಹೋದ ವರ್ಷ ಒಂದೇ ಪೇಮೆಂಟ್‌ಗೆ ಎರಡೆರಡು ಇನ್‌ವಾಯ್ಸ್ ಹೋಗೋಕೆ ಶುರು ಆಯ್ತು, ದಿನಕ್ಕೆ ಮೂವತ್ತು ನಲವತ್ತು. ಅಕೌಂಟ್ಸ್‌ನೋರು ದಿನಾ ಕೂತು ಕೈಯಲ್ಲೇ ಸರಿ ಮಾಡ್ತಿದ್ರು. ಸರ್ವರ್ ಸಾಲ್ತಿಲ್ಲ ಅಂತ ಎಲ್ರೂ ಅಂದ್ಕೊಂಡಿದ್ವಿ. ನಾನು ಲಾಗ್ ತೆಗೆದು ನೋಡ್ದಾಗ ಗೊತ್ತಾಯ್ತು, ಪೇಮೆಂಟ್ ಗೇಟ್‌ವೇ ಕಳ್ಸೋ ಮೆಸೇಜ್‌ಗೆ ನಾವು ಉತ್ತರ ಕೊಡೋದು ತಡ ಆಗ್ತಿತ್ತು, ಅದು ಅದೇ ಮೆಸೇಜ್ ಮತ್ತೆ ಕಳಿಸ್ತಿತ್ತು, ನಾವು ಅದನ್ನ ಹೊಸ ಪೇಮೆಂಟ್ ಅಂದ್ಕೋತಿದ್ವಿ. ಎರಡು ದಾರಿ ಇತ್ತು. ಸರ್ವರ್ ಹೆಚ್ಚಿಸೋದು ಒಂದೇ ದಿನದ ಕೆಲಸ, ಆದ್ರೆ ರಶ್ ಜಾಸ್ತಿ ಆದ ದಿನ ಮತ್ತೆ ಅದೇ ಕತೆ. ಇನ್ನೊಂದು, ಮೆಸೇಜ್ ಬಂದ ತಕ್ಷಣ ಬರೆದಿಟ್ಟು ಉತ್ತರ ಕೊಟ್ಬಿಡೋದು, ಇನ್‌ವಾಯ್ಸ್ ಕೆಲಸ ಕ್ಯೂನಲ್ಲಿ ಆಮೇಲೆ ಮಾಡೋದು, ಅದೇ ಪೇಮೆಂಟ್ ಎರಡನೇ ಸಲ ಬಂದ್ರೆ ಡೇಟಾಬೇಸೇ ತಡೆಯೋ ಹಾಗೆ ಮಾಡೋದು. ನಾನು ಎರಡನೇದನ್ನ ಪ್ರಪೋಸ್ ಮಾಡ್ದೆ. ಇದ್ರಿಂದ ಇನ್‌ವಾಯ್ಸ್ ಕೆಲವು ಸೆಕೆಂಡ್ ತಡವಾಗಿ ಹೋಗತ್ತೆ, ಅದನ್ನ ಮೊದಲೇ ಪ್ರಾಡಕ್ಟ್ ಮತ್ತು ಸಪೋರ್ಟ್ ಟೀಮ್‌ಗೆ ಹೇಳಿ ಒಪ್ಪಿಸ್ದೆ. 6 ವಾರ ಹಿಡೀತು, ಆಮೇಲೆ ಡುಪ್ಲಿಕೇಟ್ ಬಂದಿಲ್ಲ.

ಒಂದು ತಪ್ಪೂ ಮಾಡ್ದೆ, ಕ್ಯೂ ನಿಂತೋದ್ರೆ ಗೊತ್ತಾಗೋಕೆ ಅಲರ್ಟ್ ಹಾಕಿರ್ಲಿಲ್ಲ, ಒಂದ್ ರಾತ್ರಿ 3 ಗಂಟೆ ಕಾಲ ಇನ್‌ವಾಯ್ಸ್ ಹೋಗ್ಲಿಲ್ಲ. ಈಗ ಅಲರ್ಟ್ ಇಲ್ದೆ ಹೊಸ ಕ್ಯೂ ನಮ್ಮಲ್ಲಿ ರಿವ್ಯೂ ಪಾಸ್ ಆಗಲ್ಲ, ಆ ರೂಲ್ ನಾನು ಬರೆದಿದ್ದು, ಪಕ್ಕದ ಎರಡು ಟೀಮ್ ಕೂಡ ತಗೊಂಡಿದಾರೆ. ಆ ಕೆಲಸದಲ್ಲಿ ನನ್ ಜೊತೆ ಇದ್ದ ಜೂನಿಯರ್ ಈಗ ಆ ಭಾಗದ ಆನ್‌ಕಾಲ್ ಒಬ್ರೇ ನೋಡ್ಕೋತಾರೆ.

ಮುಂದಕ್ಕೆ ನಂಗೆ ಒಂದು ಸರ್ವಿಸ್ ಬಿಟ್ಟು, ಎರಡು ಮೂರು ಟೀಮ್ ನಡುವೆ ಬರೋ ಇಂಥ ಡಿಸೈನ್ ಕೆಲಸ ಬೇಕು. ನೀವು ಆರ್ಡರ್ ಮತ್ತು ಬಿಲ್ಲಿಂಗ್ ಬೇರೆ ಬೇರೆ ಮಾಡ್ತಿದೀರ ಅಂತ ಜಾಬ್ ಪೋಸ್ಟಲ್ಲಿ ಇತ್ತು, ಅದನ್ನ ನೋಡೇ ಅಪ್ಲೈ ಮಾಡಿದ್ದು."

ಸಲೀಸಾಗಿ ಮಾತಾಡೋರಿಗೆ ಇದು ಎರಡು ನಿಮಿಷದ ಆಸುಪಾಸು. ಸೆಕೆಂಡ್ ಲೆಕ್ಕದಲ್ಲಿ ಹೇಳೋದಾದ್ರೆ ಮೊದಲ ತುಂಡು 15, ಕತೆ ಸುಮಾರು 70, ತಪ್ಪು ಮತ್ತು ಜನರ ವಿಷಯ 20, ಕೊನೇದು 15. ಮೊದಲ ಕಂಪನಿ ಇಲ್ಲಿ ಬಂದೇ ಇಲ್ಲ ನೋಡಿ. ಅದು ರೆಸ್ಯೂಮೆಯಲ್ಲಿ ಇದೆ, ಬೇಕಿದ್ದೋರು ಕೇಳ್ತಾರೆ. ಕಾಫ್ಕಾ, ಕುಬರ್ನೆಟಿಸ್ ಕೂಡ ಬಂದಿಲ್ಲ, ಯಾವ ಕ್ಯೂ ಯೂಸ್ ಮಾಡಿದ್ರಿ ಅಂತ ಅವರು ಕೇಳೇ ಕೇಳ್ತಾರೆ, ಆಗ ಹೇಳಿದ್ರೆ ಅದು ಉತ್ತರ ಆಗತ್ತೆ, ಮೊದಲೇ ಹೇಳಿದ್ರೆ ಬರೀ ಪಟ್ಟಿ.

"ಎರಡು ದಾರಿ ಇತ್ತು" ಅನ್ನೋ ವಾಕ್ಯ ಯಾವ ಕಾರಣಕ್ಕೂ ಬಿಡ್ಬೇಡಿ. ಸಮಯ ಸಾಲ್ತಿಲ್ಲ ಅಂತ ಹೆಚ್ಚಿನೋರು ಮೊದಲು ಕಡಿಯೋದೇ ಅದನ್ನ, ಪರಿಹಾರ ಮಾತ್ರ ಹೇಳ್ತಾರೆ. ಬಿಟ್ಟ ದಾರಿ ಹೇಳ್ದೇ ಇದ್ರೆ ಅದು ನಿರ್ಧಾರ ಅಂತ ಕೇಳೋರಿಗೆ ಅನ್ಸಲ್ಲ, ಯಾರೋ ಕೊಟ್ಟ ಟಾಸ್ಕ್ ಅನ್ಸತ್ತೆ. ಬಿಟ್ಟ ದಾರಿಗೂ ನ್ಯಾಯ ಮಾಡಿ, "ಒಂದೇ ದಿನದ ಕೆಲಸ" ಅಂತ ಅದರ ಒಳ್ಳೇದನ್ನೂ ಹೇಳಿ, ಇಲ್ಲಾಂದ್ರೆ ಅಷ್ಟು ದಡ್ಡ ದಾರಿನ ಬಿಟ್ಟಿದ್ದರಲ್ಲಿ ನಿಮ್ಮ ಹೆಚ್ಚುಗಾರಿಕೆ ಏನು ಅಂತಾಗತ್ತೆ.

ತಪ್ಪಿನ ಸಾಲು ಬೇಕಾ ಅಂತ ಸುಮಾರು ಜನ ಕೇಳಿದಾರೆ. ನನ್ನ ಪ್ರಕಾರ ಬೇಕು, ಆದ್ರೆ ಎರಡು ಷರತ್ತು. ತಪ್ಪಿನ ಹಿಂದೆನೇ ಅದ್ರಿಂದ ಬದಲಾದ ಒಂದು ಗಟ್ಟಿ ವಿಷಯ ಬರ್ಬೇಕು, ಇಲ್ಲಿ ರಿವ್ಯೂ ರೂಲ್ ಬಂದ ಹಾಗೆ. ಮತ್ತೆ ಅದು ನಿಮ್ಮದೇ ತಪ್ಪಾಗಿರ್ಬೇಕು, ಟೆಸ್ಟಿಂಗ್‌ನೋರು ನೋಡ್ಲಿಲ್ಲ, ಮ್ಯಾನೇಜರ್ ಟೈಮ್ ಕೊಡ್ಲಿಲ್ಲ ಅನ್ನೋ ದೂರು ಪರಿಚಯದಲ್ಲಿ ಬಂತು ಅಂದ್ರೆ ಅದೊಂದೇ ನೆನಪಲ್ಲಿ ಉಳಿಯತ್ತೆ.

ನಾನು, ನಾವು

ಇದು ಚಿಕ್ಕ ವಿಷಯ ಅನ್ಸಬಹುದು. ಬರೆದಿದ್ದನ್ನ ಮುಂದೆ ಇಟ್ಕೊಂಡು ಪ್ರತಿ "ನಾವು" ಕೆಳಗೆ ಗೆರೆ ಹಾಕಿ. ಸಮಸ್ಯೆ, ವಾತಾವರಣ, ಎಲ್ರೂ ಸೇರಿ ಮಾಡಿದ ಊಹೆ, ಇಲ್ಲೆಲ್ಲ ನಾವು ಸರಿ. ಕಂಡು ಹಿಡಿದಿದ್ದು, ಪ್ರಪೋಸ್ ಮಾಡಿದ್ದು, ಒಪ್ಪಿಸಿದ್ದು, ಬರೆದಿದ್ದು, ಇಲ್ಲಿ ನಾನು ಬರ್ಬೇಕು. ವಿನಯಕ್ಕೆ ಅಂತ ಎಲ್ಲಾ ಕಡೆ ನಾವು ಅಂದ್ರೆ ನೀವು ಅಲ್ಲಿ ಇದ್ರಾ ಇಲ್ವಾ ಅಂತ್ಲೇ ಗೊತ್ತಾಗಲ್ಲ, ಎಲ್ಲಾ ಕಡೆ ನಾನು ಅಂದ್ರೆ ಆ ಟೀಮ್‌ನಲ್ಲಿ ಉಳಿದೋರು ಏನ್ ಮಾಡ್ತಿದ್ರು ಅನ್ನೋ ಪ್ರಶ್ನೆ ಬರತ್ತೆ. ಜೂನಿಯರ್ ವಿಷಯದಲ್ಲೂ "ಮೆಂಟರ್ ಮಾಡ್ದೆ" ಅಂತ ನಿಮ್ಮ ಬಗ್ಗೆ ಹೇಳೋ ಬದ್ಲು, ಅವರು ಈಗ ಏನ್ ಮಾಡೋ ಹಾಗಾಗಿದಾರೆ ಅಂತ ಹೇಳಿದ್ರೆ ಕೇಳೋರು ಉಳಿದಿದ್ದನ್ನ ತಾವೇ ಅರ್ಥ ಮಾಡ್ಕೋತಾರೆ.

ನಂಬರ್ ಇಲ್ಲದೇ ಇದ್ರೆ

ದಿನಕ್ಕೆ ಮೂವತ್ತು ನಲವತ್ತು ಅನ್ನೋದು ನೆನಪಿಂದ ಬಂದಿದ್ದಾದ್ರೆ "ಹೆಚ್ಚು ಕಮ್ಮಿ" ಅಂತ ಸೇರಿಸಿ. ಹಳೇ ಟಿಕೆಟ್, ಡ್ಯಾಶ್‌ಬೋರ್ಡ್, ರಿಲೀಸ್ ನೋಟ್ ಹುಡುಕಿದ್ರೆ ಒಂದಲ್ಲ ಒಂದು ಸಂಖ್ಯೆ ಸಿಗತ್ತೆ, ಈಗಿನ ಕಂಪನಿ ಬಿಡೋಕೆ ಮುಂಚೆ ನೋಡ್ಕೊಳ್ಳಿ, ಆಮೇಲೆ ಆಕ್ಸೆಸ್ ಇರಲ್ಲ. ನೋಡಿ ನೆನಪಿಟ್ಕೊಳ್ಳಿ ಅಷ್ಟೇ, ಸ್ಕ್ರೀನ್‌ಶಾಟ್ ಹೊತ್ಕೊಂಡು ಬರೋದಲ್ಲ. ಕಂಪನಿಯ ವ್ಯಾಪಾರದ ಅಂಕಿ, ಕ್ಲೈಂಟ್ ಹೆಸರು ಬಾಯಿಗೆ ತರ್ಬೇಡಿ, ಇಲ್ಲಿ ಹೇಳೋರು ನಾಳೆ ನಮ್ಮದನ್ನೂ ಹೊರಗೆ ಹೇಳ್ತಾರೆ ಅಂತ ಎದುರಿಗಿರೋರು ಅಂದ್ಕೊಳ್ಳೋದು ಸಹಜ. ಏನೂ ಸಿಗ್ಲಿಲ್ಲ ಅಂದ್ರೆ ಶೇಕಡಾ ನಲವತ್ತು ಇಂಪ್ರೂವ್ ಆಯ್ತು ಅಂತ ಕಟ್ಟೋದಕ್ಕಿಂತ "ಅಕೌಂಟ್ಸ್‌ನೋರು ಆ ಕೆಲಸನೇ ನಿಲ್ಸಿಬಿಟ್ರು" ಅನ್ನೋದು ಜಾಸ್ತಿ ತೂಕದ ಮಾತು. ಯಾಕಂದ್ರೆ ಶೇಕಡಾ ಅಂದ ಕೂಡ್ಲೆ ಯಾವುದರ ಶೇಕಡಾ, ಹೇಗೆ ಅಳೆದ್ರಿ ಅಂತ ಬರತ್ತೆ.

ಹೆಜ್ಜೆ 4: ಪ್ರತಿ ಪದಕ್ಕೂ ಮೂರು ಪ್ರಶ್ನೆ ತಡ್ಕೊಳ್ಳೋ ಶಕ್ತಿ ಇದ್ಯಾ ನೋಡಿ

ಎರಡು ನಿಮಿಷದಲ್ಲಿ ನೀವು ಏನ್ ಹೇಳ್ತೀರೋ ಮುಂದಿನ ಇಪ್ಪತ್ತು ನಿಮಿಷ ಅದರ ಮೇಲೇ ನಡೆಯೋ ಸಾಧ್ಯತೆ ಜಾಸ್ತಿ. ಮೇಲಿನ ಉದಾಹರಣೆಗೆ ನಾನು ಪ್ಯಾನೆಲ್‌ನಲ್ಲಿ ಇದ್ದಿದ್ರೆ ಕೇಳ್ತಿದ್ದ ಮೊದಲ ಪ್ರಶ್ನೆ: ಮೆಸೇಜ್ ಡೇಟಾಬೇಸ್‌ಗೆ ಬರೆದ್ರಿ, ಕ್ಯೂಗೆ ಹಾಕೋ ಮುಂಚೆ ಸರ್ವರ್ ಬಿದ್ದೋಯ್ತು, ಆಗ? ಬರೆದಿಟ್ಟ ಟೇಬಲ್‌ನಲ್ಲೇ "ಇನ್ನೂ ಕಳ್ಸಿಲ್ಲ" ಅನ್ನೋ ಗುರುತು ಇರತ್ತೆ, ಇನ್ನೊಂದು ಪ್ರೋಸೆಸ್ ಅದನ್ನ ಓದಿ ಕ್ಯೂಗೆ ಹಾಕತ್ತೆ ಅಂತ ಹೇಳಿದ್ರೆ ಸಮಾಧಾನ. ಎರಡನೇದು: ಕ್ಯೂನೇ ಒಂದು ಮೆಸೇಜ್‌ನ ಎರಡು ಸಲ ಕೊಟ್ರೆ? ಸುಮಾರು ಕ್ಯೂಗಳು ಕನಿಷ್ಠ ಒಂದ್ಸಲ ಕೊಡ್ತೀನಿ ಅಂತ ಮಾತ್ರ ಭರವಸೆ ಕೊಡೋದು, ಹಾಗಾಗಿ ಬಾಗಿಲಲ್ಲಿ ತಡೆದ್ರೆ ಸಾಲಲ್ಲ, ಇನ್‌ವಾಯ್ಸ್ ಟೇಬಲ್‌ನಲ್ಲೂ ಪೇಮೆಂಟ್ ಐಡಿ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ ಇರ್ಬೇಕು. ಮೂರನೇದು ಸುಲಭದ್ದು ಆದ್ರೆ ಎಡವೋರು ಜಾಸ್ತಿ: ಮೊದಲೇ ಹೋಗಿದ್ದ ಡುಪ್ಲಿಕೇಟ್ ಇನ್‌ವಾಯ್ಸ್‌ಗಳನ್ನ ಏನ್ ಮಾಡಿದ್ರಿ? ಕೆಲಸ ನಿಜವಾಗ್ಲೂ ಮಾಡಿದೋರಿಗೆ ಇದು ಚೆನ್ನಾಗಿ ನೆನಪಿರತ್ತೆ, ಯಾಕಂದ್ರೆ ಎಲ್ಲಕ್ಕಿಂತ ಬೇಜಾರಾದ ಭಾಗ ಅದೇ.

ಈ ಥರ ನಿಮ್ಮ ಸ್ಕ್ರಿಪ್ಟ್‌ನ ಪ್ರತಿ ನಾಮಪದಕ್ಕೂ ಮೂರು ಪ್ರಶ್ನೆ ಬರ್ಕೊಳ್ಳಿ. ಯಾವುದಕ್ಕೆ ಎರಡನೇ ಪ್ರಶ್ನೆಗೇ ಉಸಿರು ಕಟ್ಟತ್ತೋ ಆ ಪದನ ತೆಗೀರಿ, ಇಲ್ಲಾ ಓದ್ಕೊಳ್ಳಿ.

ಹೆಜ್ಜೆ 5: ಬಾಯಿಪಾಠ ಬೇಡ

ಪೂರ್ತಿ ಉರು ಹೊಡೆದ್ರೆ ನಡುವೆ ಒಂದು ಪದ ಮರೆತಾಗ ಇಡೀ ಸರಪಳಿ ಕಿತ್ತೋಗತ್ತೆ, ಅದೂ ಅಲ್ದೆ ಕೇಳೋರಿಗೆ ಓದ್ತಿದಾರೆ ಅಂತ ಗೊತ್ತಾಗ್ಬಿಡತ್ತೆ. ಮೊದಲ ವಾಕ್ಯ ಮತ್ತು ಕೊನೇ ವಾಕ್ಯ ಮಾತ್ರ ಪಕ್ಕಾ ಬಾಯಿಗೆ ಬರ್ಲಿ. ನಡುವೆ ಐದು ಪದ ಸಾಕು: ಎರಡೆರಡು ಇನ್‌ವಾಯ್ಸ್, ತಡವಾದ ಉತ್ತರ, ಎರಡು ದಾರಿ, ಕೆಲವು ಸೆಕೆಂಡ್, ಅಲರ್ಟ್. ಈ ಐದನ್ನ ನೋಡ್ಕೊಂಡು ಪ್ರತಿ ಸಲ ಬೇರೆ ಬೇರೆ ವಾಕ್ಯದಲ್ಲಿ ಹೇಳಿ, ಐದಾರು ಸಲ ರೆಕಾರ್ಡ್ ಮಾಡಿ. ಎರಡೂಕಾಲು ನಿಮಿಷ ದಾಟ್ತಿದ್ರೆ ವೇಗ ಹೆಚ್ಚಿಸ್ಬೇಡಿ, ಸಮಸ್ಯೆಯ ಹಿನ್ನೆಲೆ ಕಡಿಯಿರಿ, ಉದ್ದ ಆಗೋದು ಯಾವಾಗ್ಲೂ ಅಲ್ಲೇ.

ಕೊನೇ ವಾಕ್ಯ ಪಕ್ಕಾ ಇರ್ಬೇಕು ಅಂದಿದ್ದು ಯಾಕಂದ್ರೆ, ಅದಿಲ್ದೆ ಇದ್ರೆ "ಸೋ... ಹಾ... ಅಷ್ಟೇ" ಅಂತ ಮುಗಿಯತ್ತೆ, ಅಥವಾ ಎದುರಿಗಿರೋರು ಸುಮ್ನೆ ಇರೋದು ನೋಡಿ ಭಯಕ್ಕೆ ಮತ್ತೆ ಮೊದಲ ಕಂಪನಿ ಕತೆ ಶುರು ಆಗತ್ತೆ. ಕೊನೇ ವಾಕ್ಯ ಹೇಳಿ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಅವರು ಬರ್ಕೋತಿರ್ತಾರೆ, ಅದಕ್ಕೇ ಸುಮ್ನೆ ಇರೋದು.

ಎದುರಿಗೆ ಯಾರು ಅನ್ನೋದ್ರ ಮೇಲೆ

ಮೊದಲ ಕಾಲ್ ಮಾಡೋ ಎಚ್‌ಆರ್‌ಗೆ ಗೇಟ್‌ವೇ ಉತ್ತರ, ಕ್ಯೂ, ಇದೆಲ್ಲ ಬೇಡ, "ಒಂದೇ ಪೇಮೆಂಟ್‌ಗೆ ಎರಡು ಬಿಲ್ ಹೋಗ್ತಿತ್ತು, ಕಾರಣ ಹುಡುಕಿ ಆರು ವಾರದಲ್ಲಿ ನಿಲ್ಲಿಸ್ದೆ, ಎರಡು ಟೀಮ್‌ನ ಒಪ್ಪಿಸ್ಬೇಕಾಯ್ತು" ಅಂದ್ರೆ ಸಾಕು, ಇಡೀದು ಒಂದು ನಿಮಿಷಕ್ಕೆ ಇಳಿಯತ್ತೆ. ಎಂಜಿನಿಯರ್‌ಗಳ ಪ್ಯಾನೆಲ್‌ಗೆ ಮೇಲೆ ಬರೆದ ಹಾಗೇ ಹೇಳಿ. ಮ್ಯಾನೇಜರ್ ಆದ್ರೆ ಲಾಗ್ ನೋಡಿದ ಭಾಗ ಒಂದು ವಾಕ್ಯಕ್ಕೆ ಇಳಿಸಿ, ಸಪೋರ್ಟ್ ಟೀಮ್ ಮೊದಲು ಏನಂದ್ರು, ಹೇಗೆ ಒಪ್ಪಿದ್ರು ಅನ್ನೋದಕ್ಕೆ ಆ ಸಮಯ ಕೊಡಿ.

ನಡುವೆ ಯಾರಾದ್ರೂ ತಡೆದು ಪ್ರಶ್ನೆ ಕೇಳಿದ್ರೆ ಖುಷಿ ಪಡಿ, ಉತ್ತರ ಕೊಡಿ, ಮತ್ತೆ "ಎಲ್ಲಿದ್ದೆ ಅಂದ್ರೆ..." ಅಂತ ಹಿಂದಕ್ಕೆ ಹೋಗ್ಬೇಡಿ. ಉಳಿದಿದ್ದರಲ್ಲಿ ಕೊನೇ ವಾಕ್ಯ ಒಂದೇ ಮುಖ್ಯ, ಅದನ್ನ ಯಾವಾಗ ಬೇಕಾದ್ರೂ ಹೇಳ್ಬಹುದು.

ಈಗಿನ ಟೈಟಲ್‌ನಲ್ಲಿ ಸೀನಿಯರ್ ಅಂತ ಇಲ್ಲ ಅನ್ನೋದನ್ನ ಮುಚ್ಚಿಡೋಕೂ ಹೋಗ್ಬೇಡಿ, "ನಾನು ಆಗ್ಲೇ ಸೀನಿಯರ್ ಕೆಲಸನೇ ಮಾಡ್ತಿದೀನಿ, ಟೈಟಲ್ ಕೊಟ್ಟಿಲ್ಲ ಅಷ್ಟೇ" ಅಂತ್ಲೂ ಅನ್ಬೇಡಿ. ಹೌದಾ ಇಲ್ವಾ ಅನ್ನೋದು ಕತೆಲೇ ಗೊತ್ತಾಗಿರತ್ತೆ.

ಇಂಟರ್‌ವ್ಯೂ ಮುಗಿದ ಮೇಲೆ, ಅವತ್ತೇ, ನಿಮ್ಮ ಪರಿಚಯ ಆದ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ ಏನು ಅಂತ ಒಂದು ಕಡೆ ಬರ್ದಿಡಿ. ಕತೆ ಬಗ್ಗೆ ಕೇಳಿದ್ರೆ ಸ್ಕ್ರಿಪ್ಟ್ ಕೆಲಸ ಮಾಡ್ತಿದೆ. ಎರಡು ಮೂರು ಕಡೆ ಸಾಲಾಗಿ "ಸರಿ, ನಿಮ್ಮ ರೋಲ್ ಏನಿತ್ತು ಅದ್ರಲ್ಲಿ?" ಅಂತ್ಲೇ ಬಂದ್ರೆ ಆ ಗೆರೆ ಹಾಕಿದ ಹಾಳೆ ಮತ್ತೆ ತೆಗೀರಿ, ಎಲ್ಲೋ ಒಂದು ನಾವು ತಪ್ಪು ಜಾಗದಲ್ಲಿ ಕೂತಿದೆ.